ಹದಿಮೂರು ರೋಲ್‌ಗಳಲ್ಲಿ ಆಗುತ್ತದೆಯೇ? ಶಿವನಿಯ ಹತ್ತನೇ ತರಗತಿಯಲ್ಲಿ ಕಾಗದದ ರೋಲ್ ಕತ್ತರಿಸಿದ ಎರಡು ಅವಧಿಗಳು

ಬೋಧನಾಭ್ಯಾಸಕ್ಕೆ ನನಗೆ ಅಜ್ಜಂಪುರ ತಾಲ್ಲೂಕಿನ ಶಿವನಿಯ ಒಂದು ಪ್ರೌಢಶಾಲೆ ಸಿಕ್ಕಿತ್ತು. ಹತ್ತನೇ ತರಗತಿಯಲ್ಲಿ ಎರಡು ಚರಾಕ್ಷರಗಳಿರುವ ರೇಖಾತ್ಮಕ ಸಮೀಕರಣಗಳ ಜೋಡಿ ಮುಗಿಯುವ ಹಂತದಲ್ಲಿತ್ತು. ಮಕ್ಕಳು ವರ್ಜಿಸುವ ವಿಧಾನ, ಆದೇಶ ವಿಧಾನ ಎರಡನ್ನೂ ಚೆನ್ನಾಗಿಯೇ ಮಾಡುತ್ತಿದ್ದರು. ಆದರೆ ಪುಸ್ತಕದ ಲೆಕ್ಕಗಳಲ್ಲಿ ಸಮೀಕರಣ ಯಾರೋ ಬರೆದಿಟ್ಟದ್ದು, ಉತ್ತರ ಹಿಂದಿನ ಪುಟದಲ್ಲಿ ಇರುವುದು. ಸಮೀಕರಣವನ್ನು ತಾವೇ ಕಟ್ಟಿ, ಬಂದ ಉತ್ತರ ಸರಿಯೋ ತಪ್ಪೋ ಎಂದು ತಾವೇ ನಿರ್ಧರಿಸಬೇಕಾದ ಒಂದು ಸಮಸ್ಯೆ ಕೊಡಬೇಕೆಂದು ನನಗೆ ಆಸೆಯಿತ್ತು. ಆ ಆಸೆಯಲ್ಲಿ ನಾನು ಮಾಡಿದ ಒಂದು ತಪ್ಪು, ಅದನ್ನು ಸರಿಪಡಿಸಿದ ಬಗೆ ಇಲ್ಲಿನ ವಿಷಯ.

ಶಿವನಿಯಿಂದ ರೈಲಿನಲ್ಲಿ ಬೀರೂರಿಗೆ ಹೋಗಿ, ಅಲ್ಲಿಂದ ತರೀಕೆರೆ ಮಾರ್ಗದ ರೈಲು ಹಿಡಿದರೆ ಭದ್ರಾವತಿ. ಅಲ್ಲಿನ ಮೈಸೂರು ಕಾಗದ ಕಾರ್ಖಾನೆ 1936ರಲ್ಲಿ ಸ್ಥಾಪನೆಯಾದದ್ದು. 2015ರಿಂದ ಅಲ್ಲಿ ಉತ್ಪಾದನೆ ನಿಂತಿದೆ. ನನ್ನ ಸೋದರಮಾವ ಕಾಗದ ಕಾರ್ಖಾನೆಯಲ್ಲಿ ರೀವೈಂಡರ್ ಎಂಬ ಯಂತ್ರದ ಬಳಿ ಕೆಲಸ ಮಾಡಿದವರು. ಚಿಕ್ಕಂದಿನಿಂದ ಅವರ ಬಾಯಲ್ಲಿ ಕೇಳಿದ ಮಾತುಗಳೇ ಈ ಪಾಠದ ಮೂಲ.

ಕಾಗದದ ಯಂತ್ರದಿಂದ ಹೊರಬರುವ ಹಾಳೆ ಯಂತ್ರದ ಪೂರ್ತಿ ಅಗಲಕ್ಕೆ ಇರುತ್ತದೆ. ಅದು ಒಂದು ದೊಡ್ಡ ರೋಲ್ ಆಗಿ ಸುತ್ತಿಕೊಳ್ಳುತ್ತದೆ. ಆದರೆ ಕೊಳ್ಳುವವರಿಗೆ ಬೇಕಾದ ಅಗಲವೇ ಬೇರೆ. ಪತ್ರಿಕೆಯ ಮುದ್ರಣಾಲಯಕ್ಕೆ ಒಂದು ಅಗಲ, ನೋಟ್‌ಬುಕ್ ಮಾಡುವವರಿಗೆ ಇನ್ನೊಂದು. ಆದ್ದರಿಂದ ದೊಡ್ಡ ರೋಲನ್ನು ರೀವೈಂಡರ್‌ಗೆ ಹಾಕಿ ಬಿಚ್ಚುತ್ತಾರೆ. ಹಾಳೆ ಸಾಲಾಗಿ ನಿಂತ ದುಂಡು ಚಾಕುಗಳ ನಡುವೆ ಹಾದು, ಉದ್ದಕ್ಕೆ ಸೀಳಿಕೊಂಡು, ಆ ಕಡೆ ಸಣ್ಣ ಸಣ್ಣ ರೋಲ್‌ಗಳಾಗಿ ಮತ್ತೆ ಸುತ್ತಿಕೊಳ್ಳುತ್ತದೆ. ಚಾಕುಗಳ ನಡುವಿನ ಅಂತರ ಎಷ್ಟೋ ಸಣ್ಣ ರೋಲಿನ ಅಗಲ ಅಷ್ಟು. ಯಾವ ಅಗಲಕ್ಕೂ ಸಾಲದೆ ಅಂಚಿನಲ್ಲಿ ಉಳಿದ ಪಟ್ಟಿ ವಾಪಸು ತಿರುಳು ಮಾಡುವ ತೊಟ್ಟಿಗೆ ಹೋಗುತ್ತದೆ. ನಾರು ನಷ್ಟವಾಗುವುದಿಲ್ಲ, ನಿಜ. ಆದರೆ ಆ ಪಟ್ಟಿಯನ್ನು ಒಣಗಿಸಲು ಸುರಿದ ಉಗಿ, ವಿದ್ಯುತ್ತು, ಯಂತ್ರದ ಸಮಯ ಮಾತ್ರ ಹೋದದ್ದು ಹೋದ ಹಾಗೆಯೇ. ಆದ್ದರಿಂದ ಬಂದ ಆರ್ಡರುಗಳನ್ನು ಹೇಗೆ ಜೋಡಿಸಿದರೆ ಅತಿ ಕಡಿಮೆ ದೊಡ್ಡ ರೋಲ್‌ಗಳಲ್ಲಿ ಕೆಲಸ ಮುಗಿಯುತ್ತದೆ ಎಂಬುದು ಕಾರ್ಖಾನೆಯ ದಿನನಿತ್ಯದ ಲೆಕ್ಕ.

ಪಾಠಕ್ಕೆ ಸಂಖ್ಯೆಗಳನ್ನು ನಾನೇ ಆರಿಸಿಕೊಂಡೆ. ದೊಡ್ಡ ರೋಲಿನ ಅಗಲ 240 ಸೆಂ.ಮೀ. ಆರ್ಡರು ಹೀಗಿದೆ: 110 ಸೆಂ.ಮೀ. ಅಗಲದ ರೋಲ್ 12, 80 ಸೆಂ.ಮೀ. ಅಗಲದವು 9, 50 ಸೆಂ.ಮೀ. ಅಗಲದವು 21. ಎಲ್ಲ ರೋಲ್‌ಗಳಲ್ಲೂ ಸುತ್ತಿದ ಕಾಗದದ ಉದ್ದ ಒಂದೇ. ಕಲಿಕೋಪಕರಣವೆಂದರೆ ಹಳೆಯ ಪತ್ರಿಕೆಯಿಂದ ಕತ್ತರಿಸಿದ 24 ಸೆಂ.ಮೀ. ಪಟ್ಟಿಗಳು, ಕತ್ತರಿ, ಅಳತೆಪಟ್ಟಿ, ಅಷ್ಟೇ. ಒಂದು ಪಟ್ಟಿ ಎಂದರೆ ಒಂದು ದೊಡ್ಡ ರೋಲ್. ಅದರಿಂದ 11, 8, 5 ಸೆಂ.ಮೀ. ತುಂಡುಗಳು ಬರಬೇಕು.

ಪಟ್ಟಿ ಕೊಟ್ಟ ಕೂಡಲೇ ಒಂದು ತೊಡಕು ಎದುರಾಯಿತು, ಇದನ್ನು ನಾನು ಪಾಠಯೋಜನೆಯಲ್ಲಿ ಊಹಿಸಿರಲಿಲ್ಲ. 24 ಎಂಬುದು ಸುತ್ತಿದ ಕಾಗದದ ಉದ್ದ ಎಂದೇ ಅರ್ಧ ತರಗತಿ ತಿಳಿದಿತ್ತು. ಟೇಪು ಬಿಚ್ಚಿ ಕತ್ತರಿಸಿದ ಹಾಗೆ ಎಂದು ಅವರ ಊಹೆ. ಆಗ ಸುತ್ತಿದ ಚಾಪೆಯ ಚಿತ್ರ ಬರೆದು, ಬಾಳೆದಿಂಡನ್ನು ಬಿಲ್ಲೆ ಬಿಲ್ಲೆಯಾಗಿ ಹೆಚ್ಚಿದಂತೆ ಚಾಪೆಯನ್ನು ಸುತ್ತಿದ್ದ ಹಾಗೆಯೇ ಅಡ್ಡಕ್ಕೆ ಕೊಯ್ದರೆ ಏನಾಗುತ್ತದೆ ಎಂದು ಕೇಳಿದೆ. "ಮೂರು ಸಣ್ಣ ಚಾಪೆ ಬರ್ತವೆ ಮಿಸ್, ಉದ್ದ ಅಷ್ಟೇ ಇರುತ್ತೆ" ಎಂದರು. ಅಲ್ಲಿಂದ ಮುಂದೆ ಗೊಂದಲವಾಗಲಿಲ್ಲ. ಈ ಪಾಠ ಮಾಡುವವರು ಚಾಪೆಯಿಂದಲೇ ಆರಂಭಿಸುವುದು ಒಳ್ಳೆಯದು.

ಮೊದಲ ಹತ್ತು ನಿಮಿಷ ಒಂದು ಪಟ್ಟಿಯನ್ನು ಎಷ್ಟು ಬಗೆಯಲ್ಲಿ ಕತ್ತರಿಸಬಹುದು ಎಂದು ಹುಡುಕಿದೆವು. ಪ್ರತಿಯೊಂದು ಬಗೆಯನ್ನೂ 'ಜೋಡಣೆ' ಎಂದು ಕರೆದೆವು. ಇನ್ನೊಂದು ತುಂಡು ಹಿಡಿಯದಷ್ಟು ತುಂಬಿದ ಜೋಡಣೆಗಳು ಏಳೇ ಏಳು:

11 + 11 (ಉಳಿಕೆ 2)
11 + 8 + 5 (ಉಳಿಕೆ 0)
11 + 5 + 5 (ಉಳಿಕೆ 3)
8 + 8 + 8 (ಉಳಿಕೆ 0)
8 + 8 + 5 (ಉಳಿಕೆ 3)
8 + 5 + 5 + 5 (ಉಳಿಕೆ 1)
5 + 5 + 5 + 5 (ಉಳಿಕೆ 4)

ಆಮೇಲೆ ಆರು ಗುಂಪುಗಳಿಗೆ ಪೂರ್ತಿ ಆರ್ಡರು ಕೊಟ್ಟೆ. ನಾಲ್ಕು ಗುಂಪಿನವರು ಮಾಡಿದ್ದು ಒಂದೇ ರೀತಿ: ದೊಡ್ಡದನ್ನು ಮೊದಲು ಮುಗಿಸಿಬಿಡುವುದು. ಎರಡೆರಡು 11ರಂತೆ 6 ರೋಲ್, ಮೂರು ಮೂರು 8ರಂತೆ 3 ರೋಲ್, ನಾಲ್ಕು ನಾಲ್ಕು 5ರಂತೆ 5 ರೋಲ್, ಕೊನೆಗೆ ಉಳಿದ ಒಂದೇ ಒಂದು 5ಕ್ಕಾಗಿ ಇನ್ನೊಂದು ರೋಲ್. ಒಟ್ಟು 15. ಒಂದು ಗುಂಪಿಗೆ 16 ಬಂತು. ಕಿಟಕಿ ಪಕ್ಕದ ಗುಂಪಿಗೆ ಮಾತ್ರ 14 ಬಂತು. ಅವರು ಉಳಿಕೆಯೇ ಇಲ್ಲದ 11 + 8 + 5 ಜೋಡಣೆಯನ್ನು 9 ಸಲ ಬಳಸಿ 8ರ ಆರ್ಡರನ್ನು ಪೂರ್ತಿ ತೀರಿಸಿದ್ದರು. ಆಮೇಲೆ 11 + 5 + 5ನ್ನು 3 ಸಲ. ಉಳಿದ ಆರು 5ಗಳನ್ನು ಎರಡು ರೋಲ್‌ಗಳಲ್ಲಿ ಮೂರು ಮೂರಾಗಿ.

ಈಗ ನನ್ನ ತಪ್ಪು. ನಾನು ಮನೆಯಲ್ಲಿ ಲೆಕ್ಕ ಮಾಡಿಕೊಂಡು ಬಂದದ್ದು ಇಷ್ಟೇ: ಬೇಕಾದ ಒಟ್ಟು ಅಗಲ 12 × 11 + 9 × 8 + 21 × 5 = 309. ಅದನ್ನು 24ರಿಂದ ಭಾಗಿಸಿದರೆ 12.875. ಅಂದರೆ 13 ರೋಲ್. ಇದನ್ನೇ ಕಪ್ಪುಹಲಗೆಯ ಮೇಲೆ ಬರೆದು, "ಸರಿ ಉತ್ತರ 13. ಯಾರು ಮೊದಲು ಕಂಡುಹಿಡಿಯುತ್ತೀರೋ ನೋಡೋಣ" ಎಂದುಬಿಟ್ಟೆ. 14 ಬರೆದ ಗುಂಪಿನ ಹಾಳೆಗೆ ಕೆಂಪು ಶಾಯಿಯಲ್ಲಿ 'ಇನ್ನೂ ಪ್ರಯತ್ನಿಸಿ' ಎಂದು ಬರೆದೆ. ಮಕ್ಕಳು ಅದನ್ನು ಮನೆಗೆಲಸವಾಗಿ ಒಯ್ದರು.

ಮರುದಿನ ಆ ಗುಂಪಿನ ಒಬ್ಬ ಹುಡುಗಿ ಪಾಠ ಶುರುವಾಗುವ ಮೊದಲೇ ಬಂದಳು. "ಮಿಸ್, 13ಕ್ಕೆ ಆಗಲ್ಲ. 5ರವು ಜಾಸ್ತಿ ಅವೆ, ಅವು 24ಕ್ಕೆ ಸರಿಯಾಗಿ ಕೂರಲ್ಲ" ಎಂದಳು. ರಾತ್ರಿ ಪಟ್ಟಿ ಮುಗಿದು, ಅಣ್ಣನ ಹಳೆಯ ನೋಟ್‌ಬುಕ್ಕಿನ ಹಾಳೆ ಕತ್ತರಿಸಿದ್ದಳಂತೆ. ನನಗೆ ತಕ್ಷಣ ಉತ್ತರ ಹೊಳೆಯಲಿಲ್ಲ. 309ನ್ನು 24ರಿಂದ ಭಾಗಿಸಿದರೆ ತಿಳಿಯುವುದು 13ಕ್ಕಿಂತ ಕಡಿಮೆ ರೋಲ್‌ಗಳಲ್ಲಿ ಆಗದು ಎಂಬುದು ಮಾತ್ರ. 13ರಲ್ಲಿ ಆಗುತ್ತದೆ ಎಂಬುದು ಅದರಿಂದ ಬರುವುದಿಲ್ಲ. 13 ರೋಲ್ ಎಂದರೆ 312 ಸೆಂ.ಮೀ. ಹದಿಮೂರೂ ರೋಲ್‌ಗಳಲ್ಲಿ ಸೇರಿ ಉಳಿಕೆ 3 ಸೆಂ.ಮೀ. ಮೀರಬಾರದು. ಮೇಲಿನ ಪಟ್ಟಿ ನೋಡಿದರೆ ಅದು ಎಷ್ಟು ಕಷ್ಟ ಎಂದು ಗೊತ್ತಾಗುತ್ತದೆ. ನೀರನ್ನು ಬಿಂದಿಗೆಗೆ ತುಂಬಿದ ಹಾಗೆ ಲೆಕ್ಕ ಹಾಕಿದ್ದೆ, ತುಂಡುಗಳು ನೀರಲ್ಲ.

ಆದರೂ 'ನಾವು ಹುಡುಕಿದೆವು, ಸಿಗಲಿಲ್ಲ' ಎಂಬುದು ಗಣಿತದಲ್ಲಿ ಸಾಧನೆಯಲ್ಲವಲ್ಲ. 13 ಅಸಾಧ್ಯ ಎಂದು ತೋರಿಸಬೇಕಿತ್ತು. ಆ ಸಂಜೆ ಪದವಿಯ ದಿನಗಳ ರೇಖಾತ್ಮಕ ಪ್ರೋಗ್ರಾಮಿಂಗ್ ಟಿಪ್ಪಣಿ ತೆಗೆದು ಕೂತೆ. ಈ ಸಮಸ್ಯೆಯನ್ನು 1939ರಲ್ಲೇ ಲೆನಿನ್‌ಗ್ರಾಡಿನ ಲಿಯೊನಿಡ್ ಕಾಂಟೊರೊವಿಚ್ ಕೈಗೆತ್ತಿಕೊಂಡಿದ್ದರು. ಉತ್ಪಾದನೆಯ ಯೋಜನೆಯ ಬಗ್ಗೆ ಅವರು ಬರೆದ ಪುಸ್ತಿಕೆಯಲ್ಲಿ ವಸ್ತುಗಳನ್ನು ಕಡಿಮೆ ವ್ಯರ್ಥವಾಗುವಂತೆ ಕತ್ತರಿಸುವುದೂ ಒಂದು ಸಮಸ್ಯೆ. 1975ರ ಅರ್ಥಶಾಸ್ತ್ರದ ನೊಬೆಲ್‌ನಲ್ಲಿ ಅವರೂ ಪಾಲುದಾರರು. 1961ರಲ್ಲಿ ಐಬಿಎಂನಲ್ಲಿದ್ದ ಪಾಲ್ ಗಿಲ್ಮೋರ್ ಮತ್ತು ರಾಲ್ಫ್ ಗೊಮೊರಿ ಇದನ್ನು ಕಂಪ್ಯೂಟರಿನಲ್ಲಿ ಬಿಡಿಸುವ ಸುಲಭ ದಾರಿ ತೋರಿಸಿದರು. ನಮ್ಮ ಲೆಕ್ಕದಲ್ಲಿ ಜೋಡಣೆ ಏಳೇ ಇವೆ. ಕಾರ್ಖಾನೆಯಲ್ಲಿ ಅಗಲಗಳು ಹತ್ತಾರು ಬಗೆ ಇದ್ದರೆ ಜೋಡಣೆಗಳನ್ನು ಪಟ್ಟಿ ಮಾಡಲು ಕೂಡ ಆಗದಷ್ಟಾಗುತ್ತವೆ. ಗಿಲ್ಮೋರ್ ಮತ್ತು ಗೊಮೊರಿ ಹೇಳಿದ್ದು ಹೀಗೆ: ಎಲ್ಲ ಜೋಡಣೆಗಳನ್ನೂ ಬರೆಯಬೇಡಿ. ಕೈಯಲ್ಲಿರುವ ಕೆಲವೇ ಜೋಡಣೆಗಳಿಂದ ಪ್ರತಿ ಅಗಲಕ್ಕೂ ಒಂದು ಬೆಲೆ ಕಟ್ಟಿ. ಆ ಬೆಲೆಯಲ್ಲಿ ರೋಲಿನ ಬೆಲೆಗಿಂತ ಹೆಚ್ಚು ಬಾಳುವ ಜೋಡಣೆ ಸಿಕ್ಕರೆ ಅದನ್ನು ಒಳಗೆ ತನ್ನಿ. ಸಿಗದಿದ್ದರೆ ಅಲ್ಲಿಗೆ ನಿಲ್ಲಿಸಿ.

'ಬೆಲೆ' ಎಂಬ ಮಾತು ನೋಡಿದಾಗ ಇದನ್ನು ಹತ್ತನೇ ತರಗತಿಗೆ ಹೇಳಬಹುದು ಎನಿಸಿತು. ಎರಡನೇ ಅವಧಿ ಹೀಗೆ ನಡೆಯಿತು.

ಒಂದು ದೊಡ್ಡ ರೋಲ್ 12 ರೂಪಾಯಿ ಎಂದುಕೊಳ್ಳಿ ಎಂದೆ. ದೊಡ್ಡದನ್ನು ಮೊದಲು ಮುಗಿಸುವ ನಾಲ್ಕು ಗುಂಪುಗಳ ವಿಧಾನದಲ್ಲಿ ಒಂದು ರೋಲಿಗೆ ಎರಡು 11 ಬರುತ್ತವೆ; ಹಾಗಾದರೆ 11ರ ತುಂಡು ಒಂದಕ್ಕೆ 6 ರೂಪಾಯಿ. ಮೂರು 8 ಬರುತ್ತವೆ. 8ಕ್ಕೆ 4 ರೂಪಾಯಿ. ನಾಲ್ಕು 5 ಬರುತ್ತವೆ. 5ಕ್ಕೆ 3 ರೂಪಾಯಿ. ಈ ಬೆಲೆಯಲ್ಲಿ ಏಳೂ ಜೋಡಣೆಗಳ ಬೆಲೆ ಕಟ್ಟಲು ಹೇಳಿದೆ. ಎರಡು ನಿಮಿಷದಲ್ಲಿ ಹಿಂದಿನ ಬೆಂಚಿನಿಂದ ಕೂಗು ಬಂತು: "ಮಿಸ್, 11, 8, 5 ಸೇರಿಸಿದ್ರೆ 13 ರೂಪಾಯಿ!" 12 ರೂಪಾಯಿಯ ರೋಲಿನಿಂದ 13 ರೂಪಾಯಿಯ ಮಾಲು. ಲಾಭ ಕಣ್ಣಿಗೆ ಕಂಡಿತು. ಅಂದರೆ ನಾವು ಕತ್ತರಿಸುತ್ತಿದ್ದ ರೀತಿಯಲ್ಲಿ ಸುಧಾರಣೆಗೆ ಜಾಗವಿದೆ ಎಂದೇ ಅರ್ಥ. (8 + 5 + 5 + 5ಕ್ಕೂ 13 ರೂಪಾಯಿ ಬರುತ್ತದೆ. ಅದನ್ನು ಇನ್ನೊಂದು ಗುಂಪು ಹೇಳಿತು. ನಾವು ಮೊದಲಿನದನ್ನು ಹಿಡಿದೆವು.)

ಹೊಸ ಜೋಡಣೆ ಒಳಗೆ ಬಂದರೆ ಹಳೆಯದೊಂದು ಹೊರಗೆ ಹೋಗಬೇಕು. 11 + 8 + 5ನ್ನು ಬಳಸುತ್ತಾ ಹೋದರೆ ಯಾವ ಆರ್ಡರು ಮೊದಲು ತೀರುತ್ತದೆ? 8ರದು, ಒಂಬತ್ತನೇ ರೋಲಿಗೆ. ಆಮೇಲೆ 8 + 8 + 8ಕ್ಕೆ ಕೆಲಸವಿಲ್ಲ. ಅದನ್ನು ಅಳಿಸಿದೆವು. ಉಳಿದ ಮೂರು ಜೋಡಣೆಗಳಿಂದ ಬೆಲೆಗಳನ್ನು ಹೊಸದಾಗಿ ಕಟ್ಟಬೇಕು. 11ರ ಬೆಲೆ x, 8ರ ಬೆಲೆ y, 5ರ ಬೆಲೆ z ಎಂದಿಟ್ಟುಕೊಂಡು ಮಕ್ಕಳೇ ಬರೆದರು:

2x = 12
x + y + z = 12
4z = 12

x = 6, z = 3, ಎರಡನೆಯದರಲ್ಲಿ ಆದೇಶಿಸಿದರೆ y = 3. ಚರಾಕ್ಷರ ಮೂರಾದರೂ ಮಕ್ಕಳು ಗಾಬರಿಯಾಗಲಿಲ್ಲ, ಏಕೆಂದರೆ ಎರಡು ತಾನಾಗಿಯೇ ಬಿಡಿಸಿಕೊಂಡಿದ್ದವು. 8ರ ಬೆಲೆ 5ರ ಬೆಲೆಯಷ್ಟೇ ಹೇಗಾಯಿತು ಎಂದು ಒಬ್ಬ ಹುಡುಗ ತಕರಾರು ಮಾಡಿದ. ಅವನ ತಕರಾರು ನ್ಯಾಯವಾದದ್ದೇ. ಇದು ಅಂಗಡಿಯ ಬೆಲೆಯಲ್ಲ. ಈ ಆರ್ಡರಿನಲ್ಲಿ ಇನ್ನೊಂದು 8 ಹೆಚ್ಚಿಗೆ ಕೇಳಿದರೆ ರೋಲಿನ ಎಷ್ಟು ಭಾಗ ಹೆಚ್ಚು ಬೇಕಾಗುತ್ತದೆ ಎಂಬುದರ ಅಳತೆ. ಇಲ್ಲಿ 8 ಕಡಿಮೆ ಇವೆ, ಅವು 11 ಮತ್ತು 5ರ ಜೊತೆ ಸರಿಯಾಗಿ ಕೂರುತ್ತವೆ, ಹಾಗಾಗಿ ಅಗ್ಗ. ಆರ್ಡರು ಬದಲಾದರೆ ಬೆಲೆಯೂ ಬದಲಾಗಬಹುದು.

ಮತ್ತೆ ಏಳೂ ಜೋಡಣೆಗಳಿಗೆ ಹೊಸ ಬೆಲೆ. 11 + 11ಕ್ಕೆ 12, 11 + 8 + 5ಕ್ಕೆ 12, 11 + 5 + 5ಕ್ಕೆ 12, ಮೂರು 8ಕ್ಕೆ 9, 8 + 8 + 5ಕ್ಕೆ 9, 8ರ ಜೊತೆ ಮೂರು 5ಕ್ಕೆ 12, ನಾಲ್ಕು 5ಕ್ಕೆ 12. ಯಾವುದೂ 12 ದಾಟಲಿಲ್ಲ. ಪಟ್ಟಿಯಲ್ಲಿ ಯಾವುದೋ ಜೋಡಣೆ ಬಿಟ್ಟುಹೋಗಿದ್ದರೆ ಎಂದು ಕೇಳಿದೆ, ಏಕೆಂದರೆ ಎಲ್ಲವೂ ಈಗ ಇದರ ಮೇಲೆ ನಿಂತಿದೆ. ಪಟ್ಟಿ ಇಲ್ಲದೆಯೂ ಇದನ್ನು ತೋರಿಸಬಹುದು. ಒಂದು ರೋಲಿನಲ್ಲಿ ಐದು ತುಂಡು ಬರಲಾರವು. ಎಲ್ಲಕ್ಕೂ ಚಿಕ್ಕದಾದ 5ನ್ನೇ ಐದು ಸಲ ಇಟ್ಟರೂ 25 ಆಗುತ್ತದೆ. ಆದ್ದರಿಂದ 11 ಇಲ್ಲದ ರೋಲ್ ಹೆಚ್ಚೆಂದರೆ ನಾಲ್ಕು ತುಂಡು, ಮೂರು ರೂಪಾಯಿಯಂತೆ 12. ಒಂದು 11 ಇದ್ದರೆ ಉಳಿಯುವುದು 13; ಅದರಲ್ಲಿ ಹೆಚ್ಚೆಂದರೆ ಎರಡು ತುಂಡು, 6 + 3 + 3 = 12. ಎರಡು 11 ಇದ್ದರೆ ಉಳಿಯುವುದು 2, ಅದರಲ್ಲಿ ಏನೂ ಹಿಡಿಯದು, ಆಗಲೂ 12.

ಈಗ ಪೂರ್ತಿ ಆರ್ಡರಿನ ಬೆಲೆ: 12 × 6 + 9 × 3 + 21 × 3 = 72 + 27 + 63 = 162 ರೂಪಾಯಿ. ಹೇಗೆ ಕತ್ತರಿಸಿದರೂ ಒಂದು ರೋಲಿನಿಂದ 12 ರೂಪಾಯಿಗಿಂತ ಹೆಚ್ಚು ಹುಟ್ಟದು. 13 ರೋಲ್‌ಗಳಿಂದ ಹೆಚ್ಚೆಂದರೆ 156. ನಮಗೆ ಬೇಕಾದದ್ದು 162. ಆರು ರೂಪಾಯಿ ಕಡಿಮೆ ಬಿತ್ತು. 13ರಲ್ಲಿ ಆಗದು.

ತರಗತಿ ಒಂದು ಕ್ಷಣ ಸುಮ್ಮನಿತ್ತು. ಆಮೇಲೆ ಕಿಟಕಿ ಪಕ್ಕದ ಗುಂಪು ತಮ್ಮ ಹಾಳೆಯನ್ನು ಮೇಲೆತ್ತಿ ಹಿಡಿಯಿತು. ನಾನು ಅದನ್ನು ಇಸಿದುಕೊಂಡು, ಕೆಂಪು ಶಾಯಿಯ ಮಾತನ್ನು ಹೊಡೆದು, 'ಇದೇ ಸರಿ, ಶಿಕ್ಷಕಿಯ ಉತ್ತರ ತಪ್ಪಾಗಿತ್ತು' ಎಂದು ಬರೆದು ದಿನಾಂಕ ಹಾಕಿ ಸಹಿ ಮಾಡಿದೆ. ಹಿಂದೆ ಕೂತು ವೀಕ್ಷಿಸುತ್ತಿದ್ದ ನಮ್ಮ ಮೇಲ್ವಿಚಾರಕರು ವೀಕ್ಷಣಾ ಪುಸ್ತಕದಲ್ಲಿ ಎರಡು ಮಾತು ಬರೆದರು. ಮೊದಲನೆಯ ದಿನವೇ '13 ಕನಿಷ್ಠ ಮಿತಿ, ಉತ್ತರವಲ್ಲ' ಎಂದು ಕಪ್ಪುಹಲಗೆಯ ಮೇಲೆ ಬರೆಯಬೇಕಿತ್ತು ಎಂಬುದು ಒಂದು. ಎರಡನೆಯದು, ಬೆಲೆ ಕಟ್ಟುವ ಭಾಗಕ್ಕೆ ನಲವತ್ತು ನಿಮಿಷ ಸಾಲದು, ಅರ್ಧ ತರಗತಿ ನಕಲು ಮಾಡಿಕೊಂಡಿತು. ಎರಡೂ ನಿಜ. ನಂತರದ ಕಿರುಪರೀಕ್ಷೆಯಲ್ಲಿ 5ರ ಆರ್ಡರನ್ನು ಬದಲಿಸಿ ಕೊಟ್ಟಾಗ, ಹೊಸ ಒಟ್ಟು ಬೆಲೆಯನ್ನು ಎಲ್ಲರೂ ಸರಿಯಾಗಿಯೇ ಕೂಡಿದರು. ಆದರೆ ಅದು ಏಕೆ ಕನಿಷ್ಠ ಮಿತಿಯಾಗುತ್ತದೆ ಎಂದು ವಾಕ್ಯದಲ್ಲಿ ಬರೆದವರು ಕಡಿಮೆ. 'ಒಂದು ರೋಲಿನಿಂದ 12 ರೂಪಾಯಿಗಿಂತ ಹೆಚ್ಚು ಬರಲ್ಲ' ಎಂಬ ಒಂದು ಸಾಲೇ ಸಾಧನೆಯ ಜೀವಾಳ, ಅದನ್ನೇ ಬಿಟ್ಟಿದ್ದರು. ಮುಂದಿನ ಸಲ ಈ ಸಾಲನ್ನು ಮಕ್ಕಳ ಬಾಯಿಂದಲೇ ಹೊರಡಿಸಿ, ಆಮೇಲೆ ಕೂಡುವುದಕ್ಕೆ ಬಿಡುತ್ತೇನೆ.

ಇನ್ನೊಂದು ಎಚ್ಚರಿಕೆ ಸಹ ಪ್ರಶಿಕ್ಷಣಾರ್ಥಿಗಳಿಗೆ. 162ನ್ನು 12ರಿಂದ ಭಾಗಿಸಿದರೆ 13.5 ಬರುತ್ತದೆ. ಅರ್ಧ ರೋಲ್ ಇಲ್ಲವಾದ್ದರಿಂದ 14. ನಮ್ಮ ಅದೃಷ್ಟಕ್ಕೆ 14ರಲ್ಲಿ ಕತ್ತರಿಸುವ ದಾರಿ ಕೈಯಲ್ಲೇ ಇತ್ತು. ಎಲ್ಲ ಆರ್ಡರುಗಳಲ್ಲೂ ಹೀಗಾಗುವುದಿಲ್ಲ. ಕೆಲವು ಸಲ ಬೆಲೆ ಹೇಳುವ ಮಿತಿಗಿಂತ ಒಂದು ರೋಲ್ ಹೆಚ್ಚೇ ಬೇಕಾಗುತ್ತದೆ. ಆದ್ದರಿಂದ ಸಂಖ್ಯೆ ಬದಲಿಸಿ ಲೆಕ್ಕ ಕೊಡುವವರು ಮಿತಿಯನ್ನು ಮಾತ್ರವಲ್ಲ, ಆ ಮಿತಿಯಲ್ಲಿ ಕತ್ತರಿಸುವ ದಾರಿಯನ್ನೂ ಕೈಯಾರೆ ಮಾಡಿ ನೋಡಿಕೊಂಡೇ ತರಗತಿಗೆ ಹೋಗಬೇಕು. ನಾನು ಮಾಡದೆ ಹೋದದ್ದು ಅದನ್ನೇ.

ಭಾನುವಾರ ಊರಿಗೆ ಹೋದಾಗ ಮಕ್ಕಳ ಹಾಳೆಯನ್ನು ಮಾವನಿಗೆ ತೋರಿಸಿದೆ. 15 ರೋಲಿನ ವಿಧಾನದಲ್ಲಿ 51 ಸೆಂ.ಮೀ. ವ್ಯರ್ಥ, 14ರಲ್ಲಿ 27 ಎಂದು ಹೆಮ್ಮೆಯಿಂದ ಹೇಳಿದೆ. ಅವರು ಕನ್ನಡಕ ಹಾಕಿಕೊಂಡು ನೋಡಿ, "ಅದಿರಲಿ ಕಣಮ್ಮ, ಚಾಕು ಎಷ್ಟು ಸಲ ಬದಲಾಯಿಸ್ತೀರಾ?" ಎಂದರು. ಜೋಡಣೆ ಬದಲಾದಾಗಲೆಲ್ಲ ಯಂತ್ರ ನಿಲ್ಲಿಸಿ ಚಾಕುಗಳನ್ನು ಸರಿಸಬೇಕು, ಅಳೆಯಬೇಕು, ಮತ್ತೆ ಹೊರಡಿಸಬೇಕು. ನಾನು ಮನೆಯಲ್ಲಿ ಕಂಡುಕೊಂಡಿದ್ದ ಇನ್ನೊಂದು 14ರ ದಾರಿಯಲ್ಲಿ ಐದು ಬಗೆಯ ಜೋಡಣೆ ಇದ್ದವು: 11 + 8 + 5 ಒಂಬತ್ತು ಸಲ, 11 + 11 ಒಂದು ಸಲ, 11 + 5 + 5 ಒಂದು ಸಲ, ನಾಲ್ಕು 5 ಎರಡು ಸಲ, ಕೊನೆಗೆ ಬರೀ ಎರಡು 5. ಕಿಟಕಿ ಪಕ್ಕದ ಗುಂಪಿನದು ಮೂರೇ ಬಗೆ: ಒಂಬತ್ತು, ಮೂರು, ಎರಡು. ಮಾವ ನನ್ನದನ್ನು ಪಕ್ಕಕ್ಕಿಟ್ಟು ಮಕ್ಕಳ ಹಾಳೆಯನ್ನು ಹಿಡಿದುಕೊಂಡರು. ಕೊನೆಯ ಎರಡು ರೋಲ್‌ಗಳಲ್ಲಿ ಮೂರು 5ಗಳ ಪಕ್ಕ 9 ಸೆಂ.ಮೀ. ಖಾಲಿ ಇರುವುದನ್ನು ಬೆರಳಿಟ್ಟು ತೋರಿಸಿ, "ಇಲ್ಲೊಂದು 8 ತೆಗೆದು ಗೋಡೌನಿಗೆ ಹಾಕ್ತಿದ್ವಿ. ಮುಂದಿನ ಆರ್ಡರಿಗೆ ಬರುತ್ತೆ" ಎಂದರು. ಹಾಗೆ ಮಾಡಿದರೆ 27ರಲ್ಲಿ 16 ವ್ಯರ್ಥವಾಗದೆ ಉಳಿಯುತ್ತದೆ. ಸೋಮವಾರ ಆ ಮಾತನ್ನು ತರಗತಿಯಲ್ಲಿ ಹೇಳಿದಾಗ ಆ ಹುಡುಗಿ, "ಮುಂದಿನ ಆರ್ಡರಲ್ಲಿ 8 ಕೇಳದೇ ಇದ್ರೆ ಮಿಸ್?" ಎಂದು ಕೇಳಿದಳು.